ಸಕ್ಕರೆಯಲ್ಲಿ ನಷ್ಟ, ಜೀರಿಗೆಯಲ್ಲಿ ಲಾಭ

ಪ್ರಾವಿಷನ್ ಸ್ಟೋರ್ ಬೋರ್ಡಲ್ಲಿ ‘ಸಕ್ಕರೆ ಕೆಜಿಗೆ 42’ ಅಂತ ಇದೆ, ಅಂಗಡಿಯವರಿಗೇ ಅದು 44ಕ್ಕೆ ಬಿದ್ದಿದೆ ಅಂದ್ಕೊಳ್ಳಿ. 2 ಕೆಜಿ ಮಾರಿದ್ರೆ 4 ರೂಪಾಯಿ ಹೋಯ್ತು. ಇದೇ ಲಾಸ್ ಲೀಡರ್. ಸಕ್ಕರೆನೇ ಯಾಕೆ? ಅದರ ರೇಟು ಎಲ್ಲರಿಗೂ ಗೊತ್ತಿರುತ್ತೆ. ಜೀರಿಗೆ, ಗೋಡಂಬಿ ರೇಟು ಯಾರಿಗೆ ನೆನಪಿರುತ್ತೆ? ಅದೇ ಗಿರಾಕಿ 200 ರೂಪಾಯಿಗೆ ಅವನ್ನೂ ತಗೊಂಡ್ರೆ, ನೂರಕ್ಕೆ 15ರಂತೆ 30 ಬಂತು. 4 ಕಳೆದ್ರೆ 26 ಉಳೀತು.

‘ಬಿಲ್ಲಿಗೆ 2 ಕೆಜಿ ಮಾತ್ರ’ ಅನ್ನದಿದ್ರೆ ಪಕ್ಕದ ಟೀ ಅಂಗಡಿಯವರು ಮೂಟೆನೇ ಎತ್ಕೊಂಡು ಹೋಗ್ತಾರೆ! ಆದ್ರೆ ದೊಡ್ಡ ಪೆಟ್ಟು ಹಳೇ ಗಿರಾಕಿಗಳದ್ದು: ಹೇಗಿದ್ರೂ ಬರೋರಿಗೂ 4 ರೂಪಾಯಿ ಬಿಟ್ಟಂಗಾಯ್ತು. ಅದಕ್ಕೇ ರಾತ್ರಿ ಬಿಲ್ ಹರಡ್ಕೊಂಡು, ಬರೀ ಸಕ್ಕರೆ ಒಯ್ದವರೆಷ್ಟು, ಹೊಸಬರೆಷ್ಟು ಅಂತ ಎಣಿಸಬೇಕು. ಒಬ್ಬ ಹೊಸ ಗಿರಾಕಿ ತಂದ 26 ರೂಪಾಯಿ, ಆರು ಹಳಬರಿಗೆ ಬಿಟ್ಟ 24ಕ್ಕೆ ಸರಿಹೋಗುತ್ತೆ, ಅಷ್ಟೇ.