ಉತ್ತರಕ್ಕಿಂತ ಮೊದಲು ಹಂತ



ಈ ವಿಚಾರ ಸಂಕಿರಣ ಎತ್ತಿಕೊಂಡಿರುವ ಪ್ರಶ್ನೆ ಒಂದೇ. ಚಾಟ್‌ಬಾಟ್‌ಗೆ ನಾಲ್ಕಾರು ಹಂತದ ಲೆಕ್ಕ ಕೊಟ್ಟು ‘ಉತ್ತರ ಮಾತ್ರ ಹೇಳು’ ಎಂದರೆ ಅದು ಎಡವುವುದು ಹೆಚ್ಚು. ಅದೇ ಲೆಕ್ಕವನ್ನು ‘ಹಂತ ಹಂತವಾಗಿ ಬಿಡಿಸು’ ಎಂದರೆ ಸರಿಯಾಗುವುದು ಹೆಚ್ಚು. ಲೆಕ್ಕವೂ ಅದೇ, ಯಂತ್ರವೂ ಅದೇ. ಹಾಗಾದರೆ ಬದಲಾದದ್ದು ಏನು?

ಹೆಂಚಿಗೂ ಕುಂಬಾರಿಕೆಗೂ ಹೆಸರಾದ ಖಾನಾಪುರದಿಂದಲೇ ಒಂದು ಲೆಕ್ಕ ಕಟ್ಟೋಣ. ಅಂಕಿಗಳು ನನ್ನ ಕಲ್ಪನೆಯವು. ಒಂದು ಲಾರಿಗೆ 3,200 ಹೆಂಚು. ಮೂರು ಲಾರಿ ಬೆಳಗಾವಿಗೆ ಹೊರಟವು. ದಾರಿಯಲ್ಲಿ ನೂರಕ್ಕೆ 4ರಂತೆ ಒಡೆದವು. ಉಳಿದವು ತಲಾ 18 ರೂಪಾಯಿಗೆ ಮಾರಾಟವಾದವು. ಲಾರಿಯೊಂದಕ್ಕೆ ಬಾಡಿಗೆ 4,500 ರೂಪಾಯಿ. ಬಾಡಿಗೆ ಕಳೆದು ಕೈಗೆ ಬಂದದ್ದೆಷ್ಟು?

ಉತ್ತರ 1,52,388. ಯಂತ್ರ ಈ ಉತ್ತರವನ್ನು ಬರೆಯುವ ಬಗೆ ನೋಡಿ. ಭಾಷಾ ಮಾದರಿ ಪಠ್ಯವನ್ನು ‘ಟೋಕನ್’ ಎಂಬ ತುಣುಕುಗಳಾಗಿ, ಒಂದಾದ ಮೇಲೊಂದರಂತೆ ಹೊರಡಿಸುತ್ತದೆ. ಪ್ರತಿ ತುಣುಕಿಗೂ ಅದು ನಿಗದಿತ ಸಂಖ್ಯೆಯ ಪದರಗಳ ಮೂಲಕ ಒಮ್ಮೆ ಹಾದುಹೋಗುತ್ತದೆ; ಲೆಕ್ಕ ಕಷ್ಟವೆಂದು ಪದರಗಳು ಹೆಚ್ಚುವುದಿಲ್ಲ. ಉತ್ತರವನ್ನೇ ನೇರವಾಗಿ ಬರೆಯಬೇಕಾದರೆ ಅದರ ಮೊದಲ ತುಣುಕು ಹೊರಬೀಳುವ ಹೊತ್ತಿಗೇ ಗುಣಾಕಾರ, ಶೇಕಡಾ, ವ್ಯವಕಲನ ಎಲ್ಲವೂ ಒಳಗೆ ಮುಗಿದಿರಬೇಕು. ನಾವು ಬಲದಿಂದ ಎಡಕ್ಕೆ ದಶಕ ಒಯ್ಯುತ್ತೇವೆ; ಯಂತ್ರವೋ ಎಡತುದಿಯ ಅಂಕಿಯನ್ನೇ ಮೊದಲು ಬರೆಯಬೇಕು. ಅಷ್ಟು ಕೆಲಸ ಒಂದೇ ಹಾಯುವಿಕೆಯಲ್ಲಿ ಆಗದಿದ್ದಾಗ ನಿಜವಾದ ಉತ್ತರದಂತೆ ತೋರುವ ಒಂದು ಸಂಖ್ಯೆ ಹೊರಬರುತ್ತದೆ.

ಈಗ ಹಂತಗಳನ್ನು ಬರೆಸೋಣ.

```
3200 × 3 = 9600
9600 × 4 / 100 = 384
9600 − 384 = 9216
9216 × 10 = 92160
9216 × 8 = 73728
92160 + 73728 = 165888
4500 × 3 = 13500
165888 − 13500 = 152388
```

ಇಲ್ಲಿ ಪ್ರತಿ ಸಾಲಿನಲ್ಲೂ ಒಂದೇ ಚಿಕ್ಕ ಕೆಲಸ. ಬರೆದ ಸಾಲು ಮುಂದಿನ ಸಾಲಿಗೆ ಓದಲು ಸಿಗುತ್ತದೆ, ಏಕೆಂದರೆ ಮಾದರಿ ತಾನು ಬರೆದದ್ದನ್ನೂ ಪ್ರಶ್ನೆಯ ಜೊತೆಗೇ ಮತ್ತೆ ಓದುತ್ತದೆ. 9216 ಎಂಬುದನ್ನು ಒಳಗೆ ಹಿಡಿದಿಟ್ಟುಕೊಳ್ಳಬೇಕಿಲ್ಲ; ಅದು ಕಣ್ಣೆದುರಿಗೇ ಇದೆ. ಪರೀಕ್ಷೆಯಲ್ಲಿ ಮಕ್ಕಳಿಗೆ ರಫ್ ವರ್ಕ್‌ನ ಪುಟ ಮಾಡುವ ಕೆಲಸವನ್ನೇ ಈ ಸಾಲುಗಳು ಮಾಡುತ್ತವೆ. ಸಾಲು ಹೆಚ್ಚಿದಷ್ಟೂ ಪದರಗಳನ್ನು ಹಾದುಹೋಗುವ ಸರದಿಗಳೂ ಹೆಚ್ಚುತ್ತವೆ.

ಇದು ಬರಿಯ ಊಹೆಯಲ್ಲ. 2022ರಲ್ಲಿ ಗೂಗಲ್‌ನ ಜೇಸನ್ ವೇ ಮತ್ತು ಸಂಗಡಿಗರು ಶಾಲಾಮಟ್ಟದ ಪದಲೆಕ್ಕಗಳ ಜಿಎಸ್ಎಂ8ಕೆ ಸಂಗ್ರಹದ ಮೇಲೆ ಇದನ್ನು ಪರೀಕ್ಷಿಸಿದರು. ಹಂತಗಳೊಂದಿಗೆ ಬಿಡಿಸಿದ ಎಂಟು ಮಾದರಿ ಲೆಕ್ಕಗಳನ್ನು ಮುಂದಿಟ್ಟಾಗ ದೊಡ್ಡ ಪಾಮ್ ಮಾದರಿಯ ಸರಿಯುತ್ತರ ಶೇ. 18ರ ಆಸುಪಾಸಿನಿಂದ ಶೇ. 57ರ ಆಸುಪಾಸಿಗೆ ಏರಿತು. ಸಣ್ಣ ಮಾದರಿಗಳಿಗೆ ಈ ಲಾಭ ಸಿಗಲಿಲ್ಲ. ಅವು ಹಂತಗಳನ್ನು ಸರಾಗವಾಗಿ ಬರೆದವು, ಆದರೆ ಹಂತಗಳೇ ತಪ್ಪಾಗಿದ್ದವು.

ಅದೇ ಅಧ್ಯಯನದ ಇನ್ನೆರಡು ಪ್ರಯೋಗಗಳು ನನಗೆ ಈ ಅಂಕಿಗಳಿಗಿಂತ ಮುಖ್ಯ. ಒಂದರಲ್ಲಿ ಹಂತಗಳ ಜಾಗದಲ್ಲಿ ಬರೀ ಚುಕ್ಕಿಗಳನ್ನು ಬರೆಸಿದರು. ಇನ್ನೊಂದರಲ್ಲಿ ಮೊದಲು ಉತ್ತರ ಬರೆಸಿ, ಆಮೇಲೆ ವಿವರಣೆ ಬರೆಸಿದರು. ಎರಡರಲ್ಲೂ ಫಲಿತಾಂಶ ಹಂತವಿಲ್ಲದ ಉತ್ತರದ ಮಟ್ಟಕ್ಕೇ ನಿಂತಿತು. ಅಂದರೆ ಬರವಣಿಗೆ ಉದ್ದವಾದರೆ ಸಾಲದು, ಅದರಲ್ಲಿ ಲೆಕ್ಕದ ಕೆಲಸ ನಡೆಯಬೇಕು. ಆ ಕೆಲಸ ಉತ್ತರಕ್ಕಿಂತ ಮುಂಚೆಯೇ ನಡೆಯಬೇಕು. ‘ಉತ್ತರ ಹೇಳಿ ಕಾರಣ ಕೊಡು’ ಎಂದು ಕೇಳುವವರು ಆಗಲೇ ಬರೆದುಬಿಟ್ಟ ಸಂಖ್ಯೆಗೆ ಸಮರ್ಥನೆ ಪಡೆಯುತ್ತಾರೆ, ಅಷ್ಟೇ.

ತರ್ಕದಲ್ಲೂ ಇದೇ ನಡೆಯುತ್ತದೆ. ಬೆಳಗಾವಿಯಿಂದ ಲೋಂಡಾ ಕಡೆಗೆ ರೈಲು ಹೊರಟಿದೆ ಎನ್ನಿ. ‘ಗುಂಜಿ ಬರುವುದು ಖಾನಾಪುರ ದಾಟಿದ ಮೇಲೆ, ಖಾನಾಪುರ ಬರುವುದು ಇದಲಹೊಂಡದ ಆಚೆ, ಇದಲಹೊಂಡ ಬರುವುದು ದೇಸೂರಿನ ಆಚೆ. ದೇಸೂರು, ಗುಂಜಿ ಇವೆರಡರಲ್ಲಿ ಮೊದಲು ಯಾವುದು?’ ಮೂರು ಮಾತುಗಳನ್ನು ಒಂದೊಂದಾಗಿ ಜೋಡಿಸಿ ಬರೆದರೆ ಸರಪಳಿ ತಾನೇ ಕೂಡುತ್ತದೆ. ಆದರೆ ಇಲ್ಲೊಂದು ಎಚ್ಚರ ಬೇಕು. ಈ ಊರುಗಳ ಕ್ರಮ ಯಂತ್ರಕ್ಕೆ ಬೇರೆ ಕಡೆ ಓದಿ ಗೊತ್ತಿರಬಹುದು. ಸರಿಯುತ್ತರ ಬಂದ ಮಾತ್ರಕ್ಕೆ ತರ್ಕ ನಡೆದಿದೆ ಎನ್ನಲಾಗದು. ಕ, ಖ, ಗ ಎಂದು ಹೆಸರು ಬದಲಿಸಿ, ಕ್ರಮ ತಿರುಗಿಸಿ ಮತ್ತೆ ಕೇಳಿ ನೋಡಬೇಕು.

ಇನ್ನು ಹಂತಗಳು ಎಲ್ಲಿ ಕೈಕೊಡುತ್ತವೆ? ಹೆಂಚಿನ ಲೆಕ್ಕದಲ್ಲಿ ಯಂತ್ರ ಒಂದೇ ಲಾರಿಯ ಶೇ. 4 ತೆಗೆದು, 9600ರಿಂದ 128 ಕಳೆದು 9472 ಎಂದು ಬರೆಯಬಹುದು. ವ್ಯವಕಲನ ಸರಿಯೇ, ಅರ್ಥ ತಪ್ಪು. ಅಲ್ಲಿಂದ ಮುಂದಿನ ಎಲ್ಲ ಸಾಲುಗಳೂ ಆ ತಪ್ಪನ್ನೇ ನಂಬಿ ಸಾಗುತ್ತವೆ. ಇದನ್ನು ಹಿಡಿಯಲು ಬೇರೆ ದಾರಿಯಿಂದ ಬರಬೇಕು. ನೂರಕ್ಕೆ 4 ಒಡೆದರೆ ಉಳಿಯುವುದು 96. 9600ರಲ್ಲಿ 96 ನೂರುಗಳಿವೆ. 96ನ್ನು 96ರಿಂದ ಗುಣಿಸಿದರೆ 9216. ಆಗ 9472 ನಿಲ್ಲುವುದಿಲ್ಲ. ಸಂಶೋಧಕರೂ ಇಂಥದ್ದೇ ದಾರಿ ಹಿಡಿದರು: ಒಂದೇ ಲೆಕ್ಕವನ್ನು ಅದೇ ಯಂತ್ರದಿಂದ ಹಲವು ಸಲ ಬಿಡಿಸಿ, ಹೆಚ್ಚು ಸಲ ಬಂದ ಉತ್ತರವನ್ನು ಆಯ್ದರು. ಜಿಎಸ್ಎಂ8ಕೆಯಲ್ಲಿ ಪಾಮ್‌ನ ಅಂಕ ಶೇ. 74ಕ್ಕೆ ಏರಿತು.

ಇನ್ನೊಂದು ಮಿತಿ ಇದಕ್ಕಿಂತ ಆಳವಾದದ್ದು. 2023ರಲ್ಲಿ ಮೈಲ್ಸ್ ಟರ್ಪಿನ್ ಮತ್ತು ಸಂಗಡಿಗರು ಬಹುಆಯ್ಕೆಯ ಮಾದರಿ ಪ್ರಶ್ನೆಗಳಲ್ಲಿ ಸರಿಯುತ್ತರ ಯಾವಾಗಲೂ ಮೊದಲ ಆಯ್ಕೆಯೇ ಆಗುವಂತೆ ಜೋಡಿಸಿಟ್ಟರು. ಮಾದರಿಗಳು ಮುಂದೆಯೂ ಮೊದಲ ಆಯ್ಕೆಯತ್ತ ವಾಲಿದವು. ಆದರೆ ಬರೆದ ಹಂತಗಳಲ್ಲಿ ಆ ಕಾರಣದ ಸುಳಿವಿರಲಿಲ್ಲ. ಒಪ್ಪಿಗೆಯಾಗುವಂಥ ಬೇರೆ ತರ್ಕವಿತ್ತು. ಆದ್ದರಿಂದ ಹಂತಗಳನ್ನು ಯಂತ್ರದ ಒಳಗಿನ ನಡೆಯ ಸಾಕ್ಷಿಯೆಂದು ಒಪ್ಪಬಾರದು. ಅವು ನಾವು ಪರಿಶೀಲಿಸಬಹುದಾದ ಸಾಲುಗಳು. ಅವುಗಳ ಬೆಲೆ ಇರುವುದೂ ಅಲ್ಲಿಯೇ.

2024ರ ಸೆಪ್ಟೆಂಬರಿನಲ್ಲಿ ಓಪನ್‌ಎಐ ಪ್ರಕಟಿಸಿದ ಓ1ರಿಂದ ಈಚೆಗೆ, ಕೇಳದೆಯೇ ಮೊದಲು ಹಂತ ಬರೆದುಕೊಳ್ಳುವಂತೆ ತರಬೇತಿ ಪಡೆದ ಮಾದರಿಗಳು ಬಂದಿವೆ. ಹಂತ ಕೇಳುವ ಕೆಲಸ ಅಲ್ಲಿ ಕಡಿಮೆಯಾಗಿದೆ. ಹಂತ ತಿದ್ದುವ ಕೆಲಸ ಕಡಿಮೆಯಾಗಿಲ್ಲ.

ಕೊನೆಯದಾಗಿ ನನ್ನ ಪ್ರಸ್ತಾವ. 2022ರಲ್ಲೇ ಜಿಎಸ್ಎಂ8ಕೆಯ 250 ಲೆಕ್ಕಗಳನ್ನು ಹತ್ತು ಭಾಷೆಗಳಿಗೆ ತಂದು ಪರೀಕ್ಷಿಸಲಾಯಿತು. ಅವುಗಳಲ್ಲಿ ತೆಲುಗು, ಬಂಗಾಳಿ ಇವೆ. ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಈ ಎರಡು ಭಾಷೆಗಳಲ್ಲೂ ಪಾಠ ಹೇಳುವ ಶಿಕ್ಷಕರು ಈ ಸಭೆಯಲ್ಲಿದ್ದೀರಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರತಿಯೊಬ್ಬರೂ ನಿಮ್ಮೂರಿನ ಸಂತೆ, ಗದ್ದೆ, ಬಸ್ಸು, ಹೆಂಚಿನದೊಂದು ಪದಲೆಕ್ಕ ಬರೆಯಿರಿ. ಅದರ ಹಂತಗಳನ್ನೂ ಮಕ್ಕಳು ಸಾಮಾನ್ಯವಾಗಿ ತಪ್ಪುವ ಜಾಗವನ್ನೂ ಗುರುತು ಮಾಡಿ. ಅದೇ ಲೆಕ್ಕವನ್ನು ಎರಡೂ ಭಾಷೆಗಳಲ್ಲಿ, ಹಂತ ಬರೆಸಿ ಮತ್ತು ಬರೆಸದೆ ಕೇಳಿ, ಯಂತ್ರ ಯಾವ ಸಾಲಿನಲ್ಲಿ ತಪ್ಪುತ್ತದೆಂದು ದಾಖಲಿಸೋಣ. ಅಂತಿಮ ಉತ್ತರಕ್ಕೆ ಮಾತ್ರವಲ್ಲ, ಪ್ರತಿ ಹಂತಕ್ಕೂ ಅಂಕ ಕೊಟ್ಟು ಅಳೆಯುವ ರೂಢಿ ನಿಮ್ಮಲ್ಲಿ ಮೊದಲಿನಿಂದಲೂ ಇದೆ. ಈ ಸಂಕಿರಣಕ್ಕೆ ಬೇಕಾಗಿರುವುದು ಆ ಅಳತೆಯೇ.