ಫ್ರೇಮ್ ಅಳಿಸಿದರೆ ಸಾಲದು, ಪವರ್ ಕೂಡ ಅಳಿಸಬೇಕು

ವಾರವಿಡೀ ಹಿಂಜವಡಿಯಲ್ಲಿ ಕೋಡ್, ಶನಿವಾರ ಹಳೇ ಫೋಟೊಗಳ ರಿಪೇರಿ. ಇದು ನನ್ನ ಪುಣೆ ಜೀವನ. ಇವತ್ತು ಒಂದೇ ವಿಷಯ ಹೇಳ್ತೀನಿ: ಫೋಟೊದಲ್ಲಿನ ಮುಖದಿಂದ ಕನ್ನಡಕ ತೆಗೆಯೋದು ಹೇಗೆ.

ನಮ್ಮ ಸೊಸೈಟಿಯಲ್ಲಿರುವ ಗದಗಿನ ಗೆಳೆಯರು ತೀರಿಹೋದ ತಮ್ಮ ಅಪ್ಪನ ಫೋಟೊ ತಂದಿದ್ರು. ಒಂದು ಗಾಜಿನ ತುಂಬ ಫ್ಲ್ಯಾಶ್ ಬೆಳಕು, ಹಿಂದಿನ ಕಣ್ಣೇ ಕಾಣ್ತಿರಲಿಲ್ಲ. "ಚಸ್ಮಾನ ತಗದುಬಿಡ್ರಿ, ಗ್ವಾಡಿಗೆ ಹಾಕೂದೈತಿ" ಅಂದ್ರು.

ಮೊದಲು ಆ ಬೆಳಕು. ಪೂರ್ತಿ ಬೆಳ್ಳಗಾದ ಜಾಗದಲ್ಲಿ ಮಾಹಿತಿಯೇ ಉಳಿದಿರಲ್ಲ, ಎಷ್ಟು ಕಪ್ಪು ಮಾಡಿದರೂ ಕಣ್ಣು ವಾಪಸ್ ಬರಲ್ಲ. ಇನ್ನೊಂದು ಕಣ್ಣನ್ನು ತಿರುಗಿಸಿ ಅಂಟಿಸಿದರೆ ಕಣ್ಣೊಳಗಿನ ಬೆಳಕಿನ ಚುಕ್ಕೆ ತಪ್ಪು ಬದಿಗೆ ಹೋಗುತ್ತೆ. ನೋಡಿದವರಿಗೆ ಕಾರಣ ಗೊತ್ತಾಗಲ್ಲ, ಆದ್ರೆ ಏನೋ ಸರಿಯಿಲ್ಲ ಅನ್ಸುತ್ತೆ. ಅದಕ್ಕೇ ಅದೇ ಸಮಾರಂಭದ, ತಲೆ ಅದೇ ಕೋನದಲ್ಲಿರುವ ಇನ್ನೊಂದು ಫೋಟೊ ಹುಡುಕಿಸಿ, ಅದರಿಂದ ಕಣ್ಣು ತಗೊಂಡೆ.

ಆಮೇಲೆ ಫ್ರೇಮನ್ನು ಬೇರೆ ಲೇಯರಿಗೆ ಎತ್ತಿಟ್ಟು, ಅದು ಮುಚ್ಚಿದ್ದ ಚರ್ಮವನ್ನು ಪಕ್ಕದ ಚರ್ಮದಿಂದಲೇ ಕ್ಲೋನ್ ಮಾಡಿದೆ. ಕೆನ್ನೆ ಮೇಲಿನ ಫ್ರೇಮಿನ ನೆರಳೂ ಹೋಗಬೇಕು. ಇಲ್ಲಿಗೆ ನಿಲ್ಲಿಸಿದರೆ ಮುಖ ಮುರಿದ ಹಾಗೆ ಕಾಣುತ್ತೆ. ಯಾಕಂದ್ರೆ ಮೈನಸ್ ಪವರ್ ಗಾಜು ತನ್ನ ಹಿಂದಿನದನ್ನೆಲ್ಲ ಕುಗ್ಗಿಸಿ ತೋರಿಸುತ್ತೆ. ಕಣ್ಣು ಚಿಕ್ಕದಾಗಿರುತ್ತೆ, ಗಾಜಿನೊಳಗೆ ಕಾಣುವ ಮುಖದ ಅಂಚು ಒಳಕ್ಕೆ ಸರಿದಿರುತ್ತೆ. ಪ್ಲಸ್ ಪವರ್ ಆದರೆ ಇದರ ಉಲ್ಟಾ.

ಅಂಚು ಎಷ್ಟು ಸರಿದಿದೆ ಅಂತ ಊಹಿಸಬೇಕಾಗಿಲ್ಲ. ಗಾಜಿನೊಳಗಿನ ಭಾಗವನ್ನು ವಾರ್ಪ್ ಟೂಲಿಂದ ಹೊರಕ್ಕೆ ಎಳೆಯಿರಿ, ಗಾಜಿನ ಮೇಲೆ ಕೆಳಗೆ ಕಾಣುವ ಮುಖದ ಗೆರೆಗೆ ಅದು ಕೂಡಿಕೊಂಡಾಗ ನಿಲ್ಲಿಸಿ. ಆದ್ರೆ ಕಣ್ಣನ್ನು ಅಷ್ಟೇ ದೊಡ್ಡದು ಮಾಡಬೇಡಿ. ಗಾಜಿನಿಂದ ಹಿಂದೆ ದೂರ ಇದ್ದಷ್ಟೂ ಕುಗ್ಗೋದು ಜಾಸ್ತಿ. ಕಪಾಲದ ಅಂಚಿಗಿಂತ ಕಣ್ಣು ಗಾಜಿಗೆ ಹತ್ತಿರ. ಹಾಗಾಗಿ ಕಣ್ಣಿಗೆ ಸ್ವಲ್ಪ ಸಾಕು.

ಕೆಲಸ ಚೆನ್ನಾಗೇ ಬಂತು. ಆದ್ರೆ ಗೆಳೆಯರ ತಾಯಿ ನೋಡಿ, "ಚಸ್ಮಾ ಇಲ್ಲಾಂದ್ರ ಬ್ಯಾರೆ ಯಾರೋ ಅನಸ್ತೈತಿ" ಅಂದ್ರು. ಎತ್ತಿಟ್ಟಿದ್ದ ಫ್ರೇಮ್ ಕೆಲಸಕ್ಕೆ ಬಂತು. ವಾಪಸ್ ಕೂರಿಸುವಾಗ ನೆರಳನ್ನೂ ಹಾಕಿದೆ, ಕಣ್ಣು ಮತ್ತು ಅಂಚನ್ನೂ ಮತ್ತೆ ಕುಗ್ಗಿಸಿದೆ. ಇಲ್ಲದಿದ್ದರೆ ಗಾಜಿಲ್ಲದ ಖಾಲಿ ಫ್ರೇಮ್ ಹಾಕಿದ ಹಾಗೆ ಕಾಣ್ತಿತ್ತು. ಗಾಜಿನ ಮೂಲೆಯಲ್ಲಿ ತೆಳುವಾದ ಒಂದು ಹೊಳಪು ಉಳಿಸಿದೆ. ಅಮ್ಮ ಒಪ್ಪಿದ್ದು ಅದನ್ನೇ.

ಕೊನೆಗೆ ನಮ್ಮವರಿಗೆ ಒಂದು ಮಾತು. ಅಮೆರಿಕ ವೀಸಾ ಫೋಟೊದಲ್ಲಿ 2016ರ ನವೆಂಬರ್ 1ರಿಂದ ಕನ್ನಡಕ ಇರುವಂತಿಲ್ಲ. ಹಾಗಂತ ಇದೆಲ್ಲ ಅಲ್ಲಿ ಮಾಡೋಕೆ ಹೋಗಬೇಡಿ, ತಿದ್ದಿದ ಫೋಟೊನೂ ಅವರು ಒಪ್ಪಲ್ಲ. ಕನ್ನಡಕ ತೆಗೆದು ಇನ್ನೊಂದು ಫೋಟೊ ಹೊಡೆಸಿಕೊಳ್ಳಿ.