ಕಪ್ಪು ಡೈ ಬಿಟ್ಟು ಬೆಳ್ಳಿಗೂದಲಿಗೆ: ಆತುರವಿಲ್ಲದ ದಾರಿ

ವರ್ಷಗಟ್ಟಲೆ ಕೂದಲಿಗೆ ಕಪ್ಪು ಡೈ ಹಚ್ಚಿಕೊಂಡವರು ಒಂದು ದಿನ ಇನ್ನು ಸಾಕು ಅಂದುಕೊಳ್ಳುತ್ತಾರೆ. ಮೂರನೆಯ ವಾರಕ್ಕೆ ಬೈತಲೆಯ ಎರಡೂ ಬದಿಗೆ ಬಿಳಿ ಪಟ್ಟಿ ಕಾಣಿಸಿಕೊಳ್ಳುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಅದು ಬೆರಳಗಲವಾಗುತ್ತದೆ. ಅಷ್ಟರಲ್ಲಿ ಬಂಧುಗಳ ಮನೆಯ ಮದುವೆಯೋ ಗೃಹಪ್ರವೇಶವೋ ಬರುತ್ತದೆ, ಡೈ ಪ್ಯಾಕೆಟ್ ಮತ್ತೆ ಒಡೆಯುತ್ತದೆ. ಇಲ್ಲಿ ಕಣ್ಣಿಗೆ ಚುಚ್ಚಿದ್ದು ಯಾವುದು ಎಂದು ವಿಚಾರಿಸಬೇಕು. ತಲೆತುಂಬ ನರೆತ ಕೂದಲನ್ನು ನಾವು ದಿನವೂ ನೋಡುತ್ತೇವೆ, ಅದು ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ. ವಿಚಿತ್ರವಾಗಿ ಕಾಣುವುದು ಬಿಳಿ ಮುಗಿದು ಕಪ್ಪು ಶುರುವಾಗುವ ಆ ನೇರ ಗೆರೆ. ಆದ್ದರಿಂದ ಡೈ ಬಿಡಬೇಕೆನ್ನುವವರು ಕಪ್ಪನ್ನು ಅಳಿಸಲು ಹೊರಡಬಾರದು, ಗೆರೆಯನ್ನು ಮಸುಕಾಗಿಸಲು ಹೊರಡಬೇಕು ಎಂಬುದು ನನ್ನ ವಾದ. ಕಪ್ಪಿನ ಕೆಲಸವನ್ನು ಕತ್ತರಿಗೆ ಬಿಟ್ಟರೆ ಸಾಕು.

ಕಪ್ಪನ್ನು ಯಾಕೆ ಅಳಿಸಲಾಗದು ಎಂಬುದಕ್ಕೆ ಡೈ ಕೆಲಸ ಮಾಡುವ ರೀತಿಯಲ್ಲೇ ಕಾರಣವಿದೆ. ಶಾಶ್ವತ ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಪ್ಯಾರಾ ಫಿನೈಲೀನ್ ಡೈಅಮೈನ್, ಚಿಕ್ಕದಾಗಿ ಪಿಪಿಡಿ, ಎಂಬ ರಾಸಾಯನಿಕ ಇರುತ್ತದೆ. ಹಚ್ಚುವಾಗ ಇದರ ಕಣಗಳು ಬಣ್ಣವಿಲ್ಲದ ಚಿಕ್ಕ ಕಣಗಳು. ಕೂದಲಿನ ಹೊರಪದರವನ್ನು ದಾಟಿ ಒಳಕ್ಕೆ ಹೋದ ಮೇಲೆ, ಪೆರಾಕ್ಸೈಡಿನ ಆಮ್ಲಜನಕ ಸೇರಿ, ಒಂದಕ್ಕೊಂದು ಬೆಸೆದುಕೊಂಡು ದೊಡ್ಡ ಕಪ್ಪು ಕಣಗಳಾಗುತ್ತವೆ. ಹೋದ ದಾರಿಯಲ್ಲಿ ಹಿಂದಿರುಗಲು ಅವಕ್ಕೆ ಆಗುವುದಿಲ್ಲ. ಹಾಗಾಗಿ ಶಾಂಪೂ, ನಿಂಬೆರಸ, ಅಡುಗೆ ಸೋಡಾ ಯಾವುದೂ ಅದನ್ನು ಹೊರಗೆ ತರಲಾರವು. ಮೇಲಿಂದ ತಿಳಿ ಬಣ್ಣ ಹಚ್ಚಿದರೂ ಪ್ರಯೋಜನವಿಲ್ಲ, ಹಚ್ಚಿದ ಬಣ್ಣ ಮೊದಲೇ ಇರುವ ಬಣ್ಣವನ್ನು ತಿಳಿಯಾಗಿಸುವುದಿಲ್ಲ. ತಿಂಗಳಿಗೊಮ್ಮೆ ಬುಡದಿಂದ ತುದಿಯವರೆಗೆ ಡೈ ಹಚ್ಚಿಕೊಂಡವರ ಕೂದಲಿನ ತುದಿಯಲ್ಲಂತೂ ಹತ್ತಾರು ಸಲದ ಕಪ್ಪು ಒಂದರ ಮೇಲೊಂದು ಕೂತಿರುತ್ತದೆ.

ಹಾಗಾದರೆ ಬ್ಲೀಚ್ ಮಾಡಿ ಒಂದೇ ದಿನದಲ್ಲಿ ಮುಗಿಸಬಾರದೇ ಎಂದು ಕೇಳುವವರಿದ್ದಾರೆ. ಒಂದು ದಿನದಲ್ಲಿ ಮುಗಿದಂತೆ ತೋರಿಸುವ ಚಿತ್ರಗಳೂ ಬೇಕಾದಷ್ಟು ಸಿಗುತ್ತವೆ. ಆದರೆ ಕೃತಕ ಕಪ್ಪು ಬ್ಲೀಚಿಗೆ ಸಿಕ್ಕಾಗ ನೇರವಾಗಿ ಬೆಳ್ಳಗಾಗುವುದಿಲ್ಲ. ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ತೆಳು ಹಳದಿ. ಅಲ್ಲಿಯವರೆಗೆ ಹೋದರೆ ಮಾತ್ರ ಬೆಳ್ಳಿಯ ಛಾಯೆ ಕೂರುತ್ತದೆ, ಆ ಛಾಯೆಯೂ ಕೆಲವು ವಾರಗಳಲ್ಲಿ ತೊಳೆದುಹೋಗಿ ಹಳದಿ ಮತ್ತೆ ಇಣುಕುತ್ತದೆ. ಅಷ್ಟು ದೂರ ಹೋಗುವಷ್ಟರಲ್ಲಿ ಕೂದಲಿನ ಗಟ್ಟಿತನವೂ ಹೋಗಿರುತ್ತದೆ. ಒದ್ದೆಯಾಗಿದ್ದಾಗ ಒಂದು ಎಳೆಯನ್ನು ಮೆಲ್ಲಗೆ ಎಳೆದು ನೋಡಿ: ರಬ್ಬರಿನಂತೆ ಹಿಗ್ಗಿ ಹಾಗೇ ಉಳಿದರೆ ಒಳಗಿನ ಹಂದರ ಮುರಿದಿದೆ ಎಂದರ್ಥ. ಗೋರಂಟಿಯ ಜೊತೆ ನೀಲಿ ಸೊಪ್ಪಿನ ಪುಡಿ ಹಚ್ಚಿ ಕಪ್ಪು ಮಾಡಿಕೊಂಡವರಿಗೆ ಇನ್ನೊಂದು ತೊಡಕು, ಬ್ಲೀಚ್ ಮಾಡಿದಾಗ ಅವರ ಕೂದಲಿಗೆ ಹಸಿರು ಛಾಯೆ ಬರಬಹುದು. ಲೋಹದ ಲವಣವಿರುವ ಬಣ್ಣ ಬಳಸಿದ್ದರೆ ಪೆರಾಕ್ಸೈಡ್ ತಗುಲಿದಾಗ ಕೂದಲು ಬಿಸಿಯೇರಿ ಸುಟ್ಟುಹೋಗುವ ಅಪಾಯವೂ ಇದೆ. ಮುಖದ ಸುತ್ತ ನಾಲ್ಕಾರು ತೆಳು ಎಳೆಗಳನ್ನು ಅನುಭವಿಗಳು ಸ್ವಲ್ಪ ತಿಳಿಯಾಗಿಸಿಕೊಟ್ಟರೆ ಅದನ್ನು ಬೇಡವೆನ್ನಬೇಕಿಲ್ಲ. ಇಡೀ ತಲೆಯನ್ನು ಆ ದಾರಿಗೆ ಒಡ್ಡುವುದು ಮಾತ್ರ ಸರಿಯಲ್ಲ.

ಇನ್ನು ಕತ್ತರಿಯ ಲೆಕ್ಕ. ತಲೆಗೂದಲು ತಿಂಗಳಿಗೆ ಸುಮಾರು 1.2 ಸೆಂಟಿಮೀಟರ್ ಬೆಳೆಯುತ್ತದೆ. ಕೂದಲು ಬೆಳೆದಂತೆ ಕಪ್ಪು ಕಡಿಮೆಯಾಗುತ್ತದೆ ಎಂದು ಅನೇಕರು ತಿಳಿದಿರುತ್ತಾರೆ. ನಿಜವಾಗಿ ಬೆಳೆದದ್ದರಿಂದ ಕಪ್ಪು ಕೆಳಕ್ಕೆ ಸರಿಯುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕಡಿಮೆ ಮಾಡುವುದು ಕತ್ತರಿಯೊಂದೇ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಐವತ್ತೆರಡು ವಯಸ್ಸಿನ ಶಿಕ್ಷಕಿಯೊಬ್ಬರಿಗೆ ಬೆನ್ನಿನ ನಡುವಿನವರೆಗೆ, 48 ಸೆಂಟಿಮೀಟರ್ ಕೂದಲಿದೆ, ಪೂರ್ತಿ ಕಪ್ಪು ಡೈ. ಮೊದಲ ದಿನವೇ 12 ಸೆಂಟಿಮೀಟರ್ ಕತ್ತರಿಸಿ 36ಕ್ಕೆ ತರುತ್ತಾರೆ. ಆಮೇಲೆ ಎರಡೂವರೆ ತಿಂಗಳಿಗೊಮ್ಮೆ 4 ಸೆಂಟಿಮೀಟರ್ ತುದಿ ಕತ್ತರಿಸುತ್ತಾ ಹೋಗುತ್ತಾರೆ. ಅಷ್ಟು ಅವಧಿಯಲ್ಲಿ ಬುಡದಿಂದ ಬರುವುದು 3 ಸೆಂಟಿಮೀಟರ್. ಅಂದರೆ ಪ್ರತಿ ಸಲವೂ ಉದ್ದದಲ್ಲಿ ಕಳೆದುಕೊಳ್ಳುವುದು ಒಂದೇ ಸೆಂಟಿಮೀಟರ್, ಕಪ್ಪಿನಲ್ಲಿ ಕಳೆದುಕೊಳ್ಳುವುದು ನಾಲ್ಕು. ಒಂಬತ್ತು ಸಲ ಕತ್ತರಿಸಿದಾಗ 36 ಸೆಂಟಿಮೀಟರ್ ಕಪ್ಪೂ ಹೋಗಿರುತ್ತದೆ. ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ ಅವಧಿಯಲ್ಲಿ ಅವರಿಗೆ 27 ಸೆಂಟಿಮೀಟರ್ ಉದ್ದದ, ಸಂಪೂರ್ಣವಾಗಿ ಅವರದೇ ಆದ ಕೂದಲು ಉಳಿದಿರುತ್ತದೆ. ಉದ್ದ ಒಂದಿಷ್ಟೂ ಕಳೆಯಬಾರದು ಎಂದಾದರೆ ಪ್ರತಿ ಸಲ 3 ಸೆಂಟಿಮೀಟರ್ ಮಾತ್ರ ಕತ್ತರಿಸಬೇಕು, ಆಗ ಅವಧಿ ಎರಡೂವರೆ ವರ್ಷಕ್ಕೆ ಹೋಗುತ್ತದೆ. ಅವಸರವಿದ್ದವರು ಹದಿನೈದನೆಯ ತಿಂಗಳಲ್ಲಿ 18 ಸೆಂಟಿಮೀಟರ್ ಬೆಳ್ಳಿಯನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಬಾಬ್ ಮಾಡಿಸಿ ಮುಗಿಸಬಹುದು. ಗಂಡಸರ ಗಿಡ್ಡ ಕ್ರಾಪಿಗೆ ಇಷ್ಟೆಲ್ಲ ಲೆಕ್ಕ ಬೇಡ, ನಾಲ್ಕೈದು ತಿಂಗಳಲ್ಲಿ ಕಪ್ಪು ಕ್ಷೌರದಂಗಡಿಯ ನೆಲಕ್ಕೆ ಬಿದ್ದಿರುತ್ತದೆ.

ಈ ಎರಡು ವರ್ಷದ ನಡುವೆ ಗೆರೆಯನ್ನು ಏನು ಮಾಡುವುದು? ಇಲ್ಲಿ ಲೋಲೈಟ್ಸ್ ಕೆಲಸಕ್ಕೆ ಬರುತ್ತವೆ. ಬಿಳಿ ಕೂದಲಿನ ನಡುನಡುವೆ ತೆಳುವಾದ ಎಳೆಗಳನ್ನು ಆಯ್ದು, ಅವುಗಳಿಗೆ ಮಾತ್ರ ಗಾಢ ಬಣ್ಣ ಕೊಡುವುದೇ ಲೋಲೈಟ್ಸ್. ಮೊದಲ ಎರಡು ಮೂರು ತಿಂಗಳು ಏನನ್ನೂ ಮಾಡಬಾರದು. ಬುಡದಲ್ಲಿ 3 ಸೆಂಟಿಮೀಟರ್ ಬಂದರೆ ತಲೆಯ ಯಾವ ಭಾಗ ಎಷ್ಟು ನರೆತಿದೆ ಎಂಬುದು ಸ್ಪಷ್ಟವಾಗುತ್ತದೆ. ಸಾಮಾನ್ಯವಾಗಿ ಕಣತಲೆ ಮತ್ತು ಹಣೆಯ ಅಂಚು ಮೊದಲು ಬೆಳ್ಳಗಾಗುತ್ತವೆ, ಹಿಂದಲೆಯಲ್ಲಿ ಸಹಜ ಕಪ್ಪು ಬಹಳ ಕಾಲ ಉಳಿಯುತ್ತದೆ. ನಮ್ಮ ಶಿಕ್ಷಕಿಯ ಹಿಂದಲೆ ಹಾಗೇ ಇದ್ದರೆ ಅಲ್ಲಿ ಏನೂ ಮಾಡಬೇಕಿಲ್ಲ, ಗೆರೆ ತಾನಾಗಿಯೇ ಮಸುಕಾಗಿರುತ್ತದೆ. ಕೆಲಸ ಬೇಕಿರುವುದು ನೆತ್ತಿ ಮತ್ತು ಬೈತಲೆಯ ಅಕ್ಕಪಕ್ಕ. ಅಲ್ಲಿ ಬಾಚಣಿಗೆಯ ಬಾಲದಿಂದ ಹೆಣೆದಂತೆ ಎಳೆಗಳನ್ನು ಎತ್ತಿ, ಫಾಯಿಲ್‌ನಲ್ಲಿಟ್ಟು, ಬುಡದಿಂದ ಹಳೆಯ ಕಪ್ಪು ಮುಟ್ಟುವ ತನಕ ಮಾತ್ರ ಬಣ್ಣ ಹಚ್ಚಬೇಕು. ಹಳೆಯ ಕಪ್ಪಿನ ಮೇಲೆ ಮತ್ತೆ ಹಚ್ಚಿದರೆ ಅದು ಇನ್ನೂ ಕಪ್ಪಾಗುತ್ತದೆ. ಕಣತಲೆಯ ಬೆಳ್ಳಿಯನ್ನು ಮುಟ್ಟದೆ ಬಿಡಬೇಕು, ಮುಂದೆ ತಲೆಯೆಲ್ಲ ಹೇಗಿರುತ್ತದೆ ಎಂಬುದಕ್ಕೆ ಅದೇ ಮಾದರಿ.

ಬಣ್ಣದ ಆಯ್ಕೆಯಲ್ಲಿ ಎರಡು ವಿಷಯ ಮುಖ್ಯ. ಮೊದಲನೆಯದು, ಅದು ಡೆಮಿ ಪರ್ಮನೆಂಟ್ ಆಗಿರಬೇಕು. ಇದರಲ್ಲಿ ಪೆರಾಕ್ಸೈಡಿನ ಪ್ರಮಾಣ ಕಡಿಮೆ, ತೊಳೆದಂತೆಲ್ಲ ಬಣ್ಣ ನಿಧಾನವಾಗಿ ತಿಳಿಯಾಗುತ್ತದೆ. ಹೊಸದೊಂದು ಗೆರೆ ಹುಟ್ಟದಿರುವುದು ಈ ಗುಣದಿಂದಲೇ. ಎರಡನೆಯದು, ಅದು ಕಪ್ಪಾಗಿರಬಾರದು. ಹಳೆಯ ಡೈಗಿಂತ ಒಂದೆರಡು ಮೆಟ್ಟಿಲು ತಿಳಿಯಾದ, ಬೂದಿ ಛಾಯೆಯ ಕಂದು ಬೇಕು. ಕೆಂಪು ಛಾಯೆ ಇರುವ ಕಂದು ತಿಳಿಯಾಗುತ್ತಾ ಬಂದಂತೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿಯ ಪಕ್ಕದಲ್ಲಿ ಅದು ಎದ್ದು ಕಾಣುತ್ತದೆ. ಕೆಲಸ ಸರಿಯಾಗಿದೆಯೇ ಎಂದು ಪಾರ್ಲರಿನ ದೀಪದಲ್ಲಿ ತಿಳಿಯುವುದಿಲ್ಲ. ಎರಡು ಸಲ ತಲೆಸ್ನಾನ ಆದಮೇಲೆ ಬಿಸಿಲಿಗೆ ಬಂದು ಕೈಗನ್ನಡಿಯಲ್ಲಿ ನೋಡಬೇಕು. ಬಣ್ಣದ ಎಳೆಗಳನ್ನು ಒಂದೊಂದಾಗಿ ಎಣಿಸಲು ಬಂದರೆ ಅವು ದಪ್ಪವಾಗಿವೆ, ಬಿಳಿಯೇ ಕಾಣದಿದ್ದರೆ ಎಳೆಗಳು ಹೆಚ್ಚಾಗಿವೆ. ಶಿಕ್ಷಕಿಯವರಿಗೆ ಮೂರನೆಯ ತಿಂಗಳಲ್ಲಿ ಮೊದಲ ಸರದಿಯಾದರೆ, ಆರನೆಯ ತಿಂಗಳ ಹೊತ್ತಿಗೆ ಎರಡನೆಯದು, ಅದರಲ್ಲಿ ಎಳೆಗಳು ಅರ್ಧಕ್ಕಿಳಿಯಬೇಕು, ಬಣ್ಣವೂ ಒಂದು ಮೆಟ್ಟಿಲು ತಿಳಿಯಾಗಬೇಕು. ಒಂಬತ್ತನೆಯ ತಿಂಗಳಲ್ಲಿ ಬೈತಲೆಯ ಪಕ್ಕದಲ್ಲಷ್ಟೇ ಒಂದಿಷ್ಟು. ಆಮೇಲೆ ಬೇಡ. ಅಷ್ಟರಲ್ಲಿ ಬೆಳ್ಳಿ ಅರ್ಧ ಗೇಣಿಗೆ ಹತ್ತಿರವಾಗಿ, ಗೆರೆ ಕಿವಿಯ ಮಟ್ಟಕ್ಕೆ ಇಳಿದು, ಜಡೆಯಲ್ಲೋ ತುರುಬಿನಲ್ಲೋ ಸೇರಿಹೋಗಿರುತ್ತದೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಡೈ ಬಿಡಲು ಹೊರಟವರಿಗೆ ಮತ್ತೆ ಡೈ ಹಚ್ಚುವುದು ಯಾವ ನ್ಯಾಯ? ಆಕ್ಷೇಪದಲ್ಲಿ ಹುರುಳಿದೆ, ಅದಕ್ಕೇ ಮೇಲೆ ಹೇಳಿದ ಇಳಿಕೆ ಮುಖ್ಯ. ಮೂರು ವಾರಕ್ಕೊಮ್ಮೆ ಇಡೀ ತಲೆಗೆ ಹಚ್ಚುತ್ತಿದ್ದವರು ವರ್ಷದಲ್ಲಿ ಹದಿನೇಳು ಸಲ ಹಚ್ಚಿದಂತಾಯಿತು. ಇಲ್ಲಿ ಮೂರು ಸಲ, ಅದೂ ಕೆಲವೇ ಎಳೆಗಳಿಗೆ, ಹೆಚ್ಚಿನ ಪಾಲು ಫಾಯಿಲ್‌ನ ಮೇಲೆ. ಪ್ರತಿ ಸರದಿಯಲ್ಲೂ ಎಳೆಗಳು ಕಡಿಮೆಯಾಗದಿದ್ದರೆ ಮಾತ್ರ ಅದು ವೇಷ ಬದಲಿಸಿದ ಹಳೆಯ ಅಭ್ಯಾಸ. ಆದರೆ ಒಂದು ವರ್ಗದವರಿಗೆ ಈ ಉತ್ತರ ಸಲ್ಲದು. ನೆತ್ತಿ ತುರಿಸಿ, ಕಣ್ಣಿನ ರೆಪ್ಪೆ ಊದಿ, ಅಲರ್ಜಿಯಿಂದಲೇ ಡೈ ಬಿಡುತ್ತಿರುವವರು ಲೋಲೈಟ್ಸ್‌ಗೂ ಕೈಹಾಕಬಾರದು. ಡೆಮಿ ಪರ್ಮನೆಂಟ್ ಬಣ್ಣಗಳಲ್ಲೂ ಪಿಪಿಡಿ ಅಥವಾ ಅದರ ಹತ್ತಿರದ ಸಂಬಂಧಿ ರಾಸಾಯನಿಕ ಇರುತ್ತದೆ. ಅಂಗಡಿಯಲ್ಲಿ ಕಪ್ಪು ಮೆಹಂದಿ ಎಂದು ಸಿಗುವ ಪುಡಿಗಳಲ್ಲೂ ಎಷ್ಟೋ ಸಲ ಅದೇ ಇರುತ್ತದೆ. ಅಂಥವರು ಚರ್ಮದ ವೈದ್ಯರನ್ನು ಕಂಡು, ಕತ್ತರಿಯೊಂದನ್ನೇ ನಂಬುವುದು ಮೇಲು. ಬೈತಲೆಯನ್ನು ನೇರವಾಗಿ ತೆಗೆಯದೆ ಅಂಕುಡೊಂಕಾಗಿ ತೆಗೆದರೆ ಗೆರೆ ಅರ್ಧ ಮರೆಯಾಗುತ್ತದೆ. ತಿರುಪತಿಗೋ ಧರ್ಮಸ್ಥಳಕ್ಕೋ ಮುಡಿ ಹರಕೆ ಹೊತ್ತವರಿಗೆ ಈ ಸಮಸ್ಯೆಯೇ ಇಲ್ಲ.

ಹೊಸ ಬೆಳ್ಳಿಯನ್ನು ಉಳಿಸಿಕೊಳ್ಳುವ ಮಾತು ಒಂದಿಷ್ಟು. ಬಿಳಿ ಕೂದಲಿಗೆ ತನ್ನದೇ ಬಣ್ಣವಿಲ್ಲ, ಆದ್ದರಿಂದ ಬೇರೆಯದರ ಬಣ್ಣ ಬೇಗ ಅಂಟುತ್ತದೆ. ಕಬ್ಬಿಣದ ಅಂಶವಿರುವ ಬೋರ್‌ವೆಲ್ ನೀರು, ಬಿಸಿಲು, ಸಿಗರೇಟಿನ ಹೊಗೆ ಅದನ್ನು ಹಳದಿಯಾಗಿಸುತ್ತವೆ. ನೇರಳೆ ಹಳದಿಯನ್ನು ಅಡಗಿಸುವುದರಿಂದ ನೇರಳೆ ಬಣ್ಣದ ಶಾಂಪೂವನ್ನು ವಾರಕ್ಕೊಮ್ಮೆ ಎರಡು ಮೂರು ನಿಮಿಷ ಇಟ್ಟು ತೊಳೆದರೆ ಸಾಕು. ದಿನವೂ ಹಚ್ಚಿದರೆ ಬೆಳ್ಳಿಗೆ ನೇರಳೆಯ ಛಾಯೆ ಹತ್ತುತ್ತದೆ. ಎರಡು ವರ್ಷ ಕಾಯುವುದು ದೊಡ್ಡ ಮಾತು ಎನ್ನಿಸಬಹುದು. ಆದರೆ ಕಷ್ಟದ ಕಾಲವೆಂದರೆ ಎರಡನೆಯ ತಿಂಗಳಿನಿಂದ ಒಂಬತ್ತನೆಯ ತಿಂಗಳವರೆಗಿನದು ಮಾತ್ರ, ಲೋಲೈಟ್ಸ್ ಬೇಕಿರುವುದೂ ಆ ಏಳು ತಿಂಗಳಿಗೇ. ಆದ್ದರಿಂದ ಡೈ ನಿಲ್ಲಿಸುವ ದಿನವನ್ನು ಆರಿಸುವಾಗ ಪಂಚಾಂಗದ ಜೊತೆ ಮದುವೆ ಕರೆಯೋಲೆಗಳನ್ನೂ ಎದುರಿಗಿಟ್ಟುಕೊಳ್ಳಿ. ಮನೆಯಲ್ಲಿ ದೊಡ್ಡ ಸಮಾರಂಭವಿದ್ದರೆ ಅದು ಮುಗಿದ ಮರುದಿನವೇ ಡೈ ನಿಲ್ಲಿಸಲು ಸರಿಯಾದ ದಿನ.